ಅಮ್ಮ ಆಫೀಸು ನೋಡಲು ಬಂದರೆ

ದೆಹಲಿಯ ಕರೋಲ್ ಬಾಗ್ ಮೆಟ್ರೋ ಪ್ಲಾಟ್‌ಫಾರ್ಮಿನಲ್ಲಿ ನನ್ನ ಪಕ್ಕ ನಿಂತಿದ್ದ ಇಬ್ಬರು ಕನ್ನಡ ಸಂಘಕ್ಕೆಂದು ಸೇರಿ ನಾಟಕ ಬರೆಯುತ್ತಿದ್ದರು. ಅವರ ನಾಟಕದಲ್ಲಿ, ದೆಹಲಿಗೆ ಬಂದು ಐಎಎಸ್ ಪರೀಕ್ಷೆಯಲ್ಲಿ ಫೇಲಾದ ಹುಡುಗನೊಬ್ಬ, ಸರ್ಕಾರಿ ಕೆಲಸ ಸಿಕ್ಕಿತೆಂದು ಊರಿಗೆ ಸುಳ್ಳು ಹೇಳಿರುತ್ತಾನೆ.

“ಕೊನೆಗೆ ಅವನು ಸಾಯ್ತಾನೆ, ಲೀಲಾ.”

“ಅವನು ಅಮ್ಮನಿಗೆ ಫೋನಲ್ಲಿ ಸುಳ್ಳು ಹೇಳೋ ಸೀನ್ ಎಷ್ಟು ಚೆನ್ನಾಗಿ ಬರೆದಿದ್ದೀರಿ, ಯೋಗೀಶ್. ಸತ್ತರೆ ಅವನ ನಾಚಿಕೆ ಅಲ್ಲೇ ಮುಗಿದುಹೋಗುತ್ತಲ್ವಾ?”

“ಅಚ್ಛಾ, ಮುಂದಿನ ವರ್ಷ ರ‍್ಯಾಂಕ್ ಬರಲಿ.”

“ಆಗಲೂ ನಾಚಿಕೆಯಿಂದ ತಪ್ಪಿಸಿಕೊಂಡ ಹಾಗೇ. ಅಮ್ಮ ಅವನ ಆಫೀಸು ನೋಡೋಕೆ ದೆಹಲಿಗೇ ಬಂದುಬಿಟ್ಟರೆ? ಏನು ಮಾಡ್ತಾನೆ, ನೀವೇ ಹೇಳಿ.”

“ಯಾವುದೋ ಸರ್ಕಾರಿ ಕಚೇರಿ ಗೇಟಿಗೆ ಕರ್ಕೊಂಡು ಹೋಗಿ, ಇವತ್ತು ರಜಾ ಅಂತಾನೆ.”

“ಜನ ಒಳಗೆ ಹೋಗ್ತಾ ಇದ್ದಾರಲ್ಲ?”

“ಹೌದು... ಅಮ್ಮ ಕಾವಲುಗಾರನಿಗೆ ತನಗೆ ಬಂದಷ್ಟು ಹಿಂದಿಯಲ್ಲಿ ‘ಮೇರಾ ಬೇಟಾ’, ನನ್ನ ಮಗ, ಅಂತ ಹೆಮ್ಮೆಯಿಂದ ತೋರಿಸ್ತಾಳೆ. ಕಾವಲುಗಾರ ಗುರುತಿಲ್ಲದವನ ಹಾಗೆ ನೋಡ್ತಾನೆ. ಹುಡುಗ ತಲೆ ತಗ್ಗಿಸ್ತಾನೆ.”

“ಇದು ನನಗೆ ಹೊಳೀತಾನೇ ಇರಲಿಲ್ಲ. ಆಗ ಅಮ್ಮ ಏನು ಮಾಡ್ತಾಳೆ?”



“ಅವಳಿಗೆ ಗೊತ್ತಾಗಿಬಿಡುತ್ತೆ. ‘ಕಾಲು ನೋಯ್ತಿದೆ, ಹೋಗೋಣ ನಡಿ’ ಅಂತಾಳೆ, ಅಷ್ಟೇ. ಛೆ, ಅವನನ್ನ ಸಾಯಿಸೋಕೆ ಹೊರಟಿದ್ದೆನಲ್ಲ, ನಾಚಿಕೆಯಾಗುತ್ತೆ.”

“ಹೋದ ವರ್ಷದ ನಾಟಕದಲ್ಲಿ ನಾನೂ ಒಬ್ಬನನ್ನ ಸಾಯಿಸಿದ್ದೆ. ಚಲೋ, ಗೇಟು ನೀವು ಬರೀರಿ. ಅವರು ವಾಪಸ್ ಬರೋ ಬಸ್ಸು ನಾನು ಬರೀತೀನಿ.”

“ಬಸ್ಸಲ್ಲಿ ಅವನು ಏನು ಮಾತಾಡ್ತಾನೆ?”

“ಮಾತಾಡೋಲ್ಲ. ಅಮ್ಮನಿಗೆ ಕಿಟಕಿ ಪಕ್ಕದ ಸೀಟು ಕೊಟ್ಟು, ತಾನು ನಿಂತೇ ಬರ್ತಾನೆ.”

ರೈಲು ಬಂತು. ಇಬ್ಬರೂ ಹತ್ತಿ ಹೋದರು.