ಹಿಂದಿನ ಸೀಟು

ಒಹಾಯೋ ಹೆದ್ದಾರಿಯ ಪೆಟ್ರೋಲ್ ಬಂಕಿನ ಅಂಗಡಿಯಲ್ಲಿ ಹಾಲಿನ ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದ ಮ್ಯಾಕ್ಸಿನ್‌ಗೆ, ಮುಂದಿದ್ದ ಹುಡುಗ ಹುಡುಗಿಯ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

“ಈ ಕೊಲೆ ಸಿನಿಮಾಗಳಲ್ಲಿ ಕೊನೆಗೆ ಉಳಿಯೋದು ಯಾವಾಗ್ಲೂ ಆ ಪುಕ್ಕಲು ಹುಡುಗೀನೇ. ಯಾಕೆ ಟ್ವೈಲಾ?”

“ಪುಕ್ಕಲಲ್ಲ ಡ್ವೇನ್, ಅವಳು ಗಮನಿಸ್ತಾಳೆ. ಮಿಕ್ಕೋರು ಕುಡೀತಾರೆ, ಜೋಡಿಯಾಗಿ ಕತ್ತಲಿಗೆ ನುಗ್ತಾರೆ, ಸಾಯ್ತಾರೆ. ಕಿಟಕಿ ಆಚೆ ಯಾರೋ ನಿಂತಿದ್ದನ್ನ ಇವಳು ಮೊದಲೇ ನೋಡಿರ್ತಾಳೆ. ಹೇಳಿದ್ರೆ ಎಲ್ರೂ ನಗ್ತಾರೆ.”

“ಕೊಲೆಗಾರನಿಗೆ ಒಂದೇಟು ಹಾಕಿ ಚಾಕು ಬಿಸಾಕಿಬಿಡ್ತಾಳಲ್ಲ, ಮಹಾ ಜಾಣೆ!”

“ಅದೊಂದು ತಪ್ಪು. ಅವನು ಮತ್ತೆ ಎದ್ದೇ ಏಳ್ತಾನೆ. ಅಲ್ಲಾ, ನಾವೀಗ ಹೊರಟಿರೋ ಆ ಸರೋವರದ ಮನೆಗೆ ನೀನೂ ಇದೇ ಮೊದಲ ಸಲ ಹೋಗ್ತಿರೋದು ಅಂದ್ಯಲ್ಲ?”

“ಹೂಂ.”

“ಮತ್ತೆ ಅಲ್ಲಿ ಹಿತ್ತಲ ಬಾಗಿಲ ಚಿಲಕ ಬೀಳಲ್ಲ ಅಂತ ಕಾರಲ್ಲಿ ಹೇಳಿದ್ಯಲ್ಲ, ನಿಂಗೆ ಹೆಂಗೆ ಗೊತ್ತು?”

“ಯಾರೋ ಹೇಳಿದ್ರು. ಅನುಮಾನದ ಪಿಶಾಚಿ ಕಣೇ ನೀನು! ಇದನ್ನ ಹಿಡ್ಕೊ, ಟಾಯ್ಲೆಟ್‌ಗೆ ಹೋಗಿ ಈಗ ಬಂದೆ.”

“‘ಈಗ ಬಂದೆ’ ಅಂದೋರು ಸಿನಿಮಾದಲ್ಲಿ ವಾಪಸ್ ಬರಲ್ಲ.”

ಅವನು ಕೊಳ್ಳಲು ಹಿಡಿದಿದ್ದ ಬಿಯರನ್ನು ಅವಳ ಕೈಗಿಟ್ಟು ನಗುತ್ತಾ ಹೋದ. ಅವಳು ಅದನ್ನು ಕಪಾಟಿಗೆ ವಾಪಸಿಟ್ಟು, ತನ್ನ ಕಾರಿನ ಕೀಲಿ ತೆಗೆದುಕೊಂಡು ಹೊರನಡೆದಳು.

ಮ್ಯಾಕ್ಸಿನ್ ಗಾಜಿನಾಚೆ ನೋಡುತ್ತಲೇ ಇದ್ದಳು. ಹುಡುಗಿ ಮೊದಲು ಹಿಂದಿನ ಸೀಟನ್ನು ಬಗ್ಗಿ ನೋಡಿದಳು. ಯಾರೂ ಇಲ್ಲವೆಂದು ಖಚಿತವಾದ ಮೇಲೆಯೇ ಒಬ್ಬಳೇ ಹತ್ತಿ ಹೊರಟುಹೋದಳು.