ಎರಡನೆಯ ಅಕ್ಷರ

ಹಲೋ… ಹಲೋ? ಯಾರು ಮಾತಾಡ್ತಿರೋದು? ಹೆಂಗಸರ ವಾರ್ಡಾ? … ಹಾಂ, ನಾನು ಕಿಟಕಿ ಪಕ್ಕದ ಹಾಸಿಗೆಯವರ ತಂಗಿ. ದಿನಾ ಮಧ್ಯಾಹ್ನ ಫೋನ್ ಮಾಡ್ತೀನಲ್ಲ, ಅವಳೇ. ನೀವು ಸಿಸ್ಟರಾ? …

ಓ. ಮಾತು ಕಲಿಸೋ ಮೇಡಮ್ಮಾ? ಅಬ್ಬಾ, ಸದ್ಯ. ನಿಮ್ಮನ್ನೇ ಹುಡುಕ್ತಿದ್ದೆ. ಫೋನ್ ಇಡಬೇಡಿ, ದಯವಿಟ್ಟು. …

ಚಾರ್ಜ್ ಕಡಿಮೆ ಇದೆಯಾ? ಹಾಗಾದ್ರೆ ಬೇಗ ಹೇಳ್ತೀನಿ. ಬೇಗ ಹೇಳೋದು ನನಗೆ ಬರಲ್ಲ, ಆದ್ರೂ ನೋಡ್ತೀನಿ. … ಮೊದಲು ಒಂದು ಮಾತು. ಮಂಚದ ಕಂಬಿ ಮೇಲೆತ್ತಿದಾರಾ? ಬಲಗಡೇದು? … ನೋಡಿ ಹೇಳಿ. ಇಲ್ಲ, ನಂಬಿಕೆ ಇದೆ, ಆದ್ರೂ ನೋಡಿ ಹೇಳಿ. … ಸರಿ. ಥ್ಯಾಂಕ್ಸ್.

ಬೆಳಿಗ್ಗೆ ಡಾಕ್ಟರು ಫೋನ್ ಮಾಡಿದ್ರು. ನಿಮ್ಮಕ್ಕನಿಗೆ ನಾವು ಹೇಳೋದು ಅರ್ಥ ಆಗ್ತಿಲ್ಲ, ಬಾಯಿಗೆ ಬಂದ ಪದ ಹೇಳ್ತಾರೆ, ತರಬೇತಿ ಸಾಕು, ಗುಣ ಆಗದವರನ್ನಿಡೋ ಹಿಂದಿನ ಕಟ್ಟಡಕ್ಕೆ ಕಳಿಸ್ತೀವಿ ಅಂದ್ರು. ಸಂಜೆ ಒಳಗೆ ನೀವು ಬರೆದು ಕೊಟ್ರೆ ಮುಗೀತಂತೆ. ಹೌದಾ? …

ಹಿಂದಿನ ಕಟ್ಟಡದಲ್ಲಿ ಮಾತು ಕಲಿಸೋರು ಯಾರೂ ಇಲ್ಲ ಅಲ್ವಾ? … ಅಲ್ವಾ ಮೇಡಂ? … ಹೂಂ.

ಇಲ್ಲ, ಬರೋಕಾಗಲ್ಲ. ಮಂಡಿ ತನಕ ಪ್ಲಾಸ್ಟರ್ ಹಾಕಿದಾರೆ. ಮೇಲಿನ ಮನೆ, ಲಿಫ್ಟ್ ಇಲ್ಲ. ಅವತ್ತು ಅಕ್ಕ ಲಕ್ವ ಹೊಡೆದು ಬಿದ್ದಳು ಅಂತ ಸುದ್ದಿ ಬಂತಲ್ಲ, ಆ ಅವಸರದಲ್ಲೇ ಮೆಟ್ಟಿಲಿಂದ ನಾನೂ ಉರುಳಿದ್ದು. ಅವಳಿಗೆ ಹೇಳಿಲ್ಲ ತಾನೇ? ಹೇಳಬೇಡಿ. …

ಬಾಯಿಗೆ ಬಂದ ಪದ ಅಂದ್ರಲ್ಲ ಡಾಕ್ಟರು. ಎಂಥ ಪದ? ಒಂದೆರಡು ನೆನಪಿದ್ರೆ ಹೇಳಿ. … ಚಿತ್ರ ತೋರಿಸ್ತೀರಿ, ಇದೇನು ಅಂತ ಕೇಳ್ತೀರಿ. ಸರಿ. … ಬಾಗಿಲು ತೋರಿಸಿದ್ರೆ? … ಕಾಗೆ? …

ಕತ್ತರಿ ತೋರಿಸಿದ್ರೆ ಮುತ್ತು. ಹೂಂ. …

ಚೆಂಡು ತೋರಿಸಿದ್ರೆ ಹೆಂಡತಿ ಅಂದಳಾ! … ನೀವು ನಕ್ಕಿದ್ದು ಸರಿಯೇ, ಮೇಡಂ. ನನಗೂ ನಗು ಬಂತು. ನಗು ಅಲ್ಲ ಇದು, ತಡೀರಿ, ಕಣ್ಣು ಒರೆಸ್ಕೋತೀನಿ. … ಇನ್ನೂ ಹೇಳಿ. ಪುಸ್ತಕಕ್ಕೆ? … ಹಸ್ತ. ಅಯ್ಯೋ ನನ್ನಕ್ಕಾ.

ಮೇಡಂ, ಅವಳು ಬಾಯಿಗೆ ಬಂದಿದ್ದು ಹೇಳ್ತಿಲ್ಲ. ನೀವು ತೋರಿಸಿದ್ದೇನು ಅಂತ ಅವಳಿಗೆ ಚೆನ್ನಾಗಿ ಗೊತ್ತು. ಗೊತ್ತಿಲ್ಲದೆ ಆ ಉತ್ತರ ಬರೋಕೇ ಸಾಧ್ಯವಿಲ್ಲ. ಪ್ರಾಸ ಹೇಳ್ತಿದಾಳೆ. …

ಅಲ್ಲ, ಅದಲ್ಲ. ಸಿನಿಮಾ ಹಾಡಲ್ಲಿ ಸಾಲಿನ ಕೊನೆಗೆ ಬರತ್ತಲ್ಲ, ಅದು ಅಂತ್ಯಪ್ರಾಸ. ಇದು ಹಳೇ ಕಾವ್ಯದ್ದು. ಪ್ರತಿ ಸಾಲಿನ ಎರಡನೇ ಅಕ್ಷರ ನೋಡಬೇಕು. ಅಲ್ಲಿರೋ ವ್ಯಂಜನ ಎಲ್ಲ ಸಾಲಲ್ಲೂ ಒಂದೇ ಇರಬೇಕು. ಅದಕ್ಕೆ ಸೇರಿದ ಸ್ವರ ಯಾವುದಾದ್ರೂ ಆಗಬಹುದು. ಬಾಗಿಲು, ಎರಡನೇದು ಗಿ. ಕಾಗೆ, ಎರಡನೇದು ಗೆ. ಗಕಾರಕ್ಕೆ ಗಕಾರ. ಕಂಡಿತಾ? …

ಕತ್ತರಿಗೆ ಮುತ್ತು, ತ್ತಕ್ಕೆ ತ್ತ. ಒತ್ತಕ್ಷರ ಬಂದ್ರೆ ಅದೇ ಒತ್ತಕ್ಷರ ಬೇಕು, ಬರೀ ತ ಸಾಲದು. ಪುಸ್ತಕಕ್ಕೆ ಹಸ್ತ, ಸ್ತಕ್ಕೆ ಸ್ತ. ಚೆಂಡು, ಹೆಂಡತಿ. ಒಂದರಲ್ಲಿ ಸೊನ್ನೆ ಬಂದ್ರೆ ಇನ್ನೊಂದರಲ್ಲೂ ಸೊನ್ನೆ, ಆಮೇಲೆ ಡ. …

ಕಾಕತಾಳೀಯ ಅಂತೀರಾ? ಇನ್ನೊಂದು ಕಟ್ಟು ಇದೆ, ಕೇಳಿ. ಮೊದಲನೇ ಅಕ್ಷರ ಒಂದರಲ್ಲಿ ದೀರ್ಘ ಇದ್ರೆ ಇನ್ನೊಂದರಲ್ಲೂ ದೀರ್ಘ. ಹ್ರಸ್ವ ಇದ್ರೆ ಹ್ರಸ್ವ. ಬಾಗಿಲಿಗೆ ಅವಳು ಮಗು ಅನ್ನಬಹುದಿತ್ತು, ಅದೂ ಗಕಾರವೇ. ಅನ್ನಲಿಲ್ಲ. ಬಾ ದೀರ್ಘ, ಮ ಹ್ರಸ್ವ. ಕಾಗೆಯನ್ನ ಹುಡುಕಿ ತಂದಳು. … ನೀವೇ ಹೇಳಿ, ತಲೆ ಕೆಟ್ಟವರು ಇಷ್ಟು ಅಳತೆ ಹಿಡೀತಾರಾ?

ನಮ್ಮ ಮನೆ ಆಟ ಅದು. ಅಕ್ಕ ಅಂಚೆ ಕಚೇರೀಲಿ ಮುದ್ರೆ ಒತ್ತುತ್ತಿದ್ದವಳು. ಧಪ್ ಧಪ್ ಅಂತ ಒತ್ತುತ್ತಾ ಷಟ್ಪದಿ ಗುನುಗೋಳು, ಎರಡನೇ ಅಕ್ಷರಕ್ಕೆ ಸರಿಯಾಗಿ ಮುದ್ರೆ ಬೀಳೋದು. ಮನೆಗೆ ಬಂದ ಮೇಲೆ ಅವಳೊಂದು ಸಾಲು, ನಾನೊಂದು ಸಾಲು. ಸೋತವರು ಪಾತ್ರೆ ತೊಳೀಬೇಕು. ಒಂದು ಸಲ ಅವಳು, ‘ಬಿಸಿಲು ಬಂದಿತು ಕಿಟಕಿಯಾಚೆಗೆ’ ಅಂದಳು. ನಾನು, ‘ಹಸುರು ತುಂಬಿದ ಗಿಡದ ನೆರಳಲಿ’ ಅಂದೆ. ಸಿ, ಸು, ಕೂಡಿತು. ನಾನೇ ಗೆದ್ದೆ ಅಂತ ಬೀಗೋ ಹೊತ್ತಿಗೆ ಅವಳು, ‘ಕಸವ ಗುಡಿಸುವ…’ ಅಂತ ನನ್ನ ಮುಖ ನೋಡಿದಳು. ಅವತ್ತು ಕಸ ಗುಡಿಸೋ ಸರದಿ ನಂದು, ಮರೆತಿದ್ದೆ. ಅಷ್ಟು ಬೇಗ ಹಂಗಿಸೋಳು ಅವಳು. …

ಹೂಂ, ಈಗ ಒಬ್ಬಳೇ ಇರೋದು. ಪಾತ್ರೆ ಎರಡೇ, ಸೋಲೂ ಇಲ್ಲ ಗೆಲುವೂ ಇಲ್ಲ. … ಇರಲಿ ಬಿಡಿ.

ಏನಂದ್ರಿ? ಹಾವು ತೋರಿಸಿದಾಗ? … ನೋವು ಅಂದಳು. … ಅದಕ್ಕೆ ನೀವು… ಅಯ್ಯೋ. ನೋವಿನ ಮಾತ್ರೆ ಶುರು ಮಾಡಿದಿರಾ? ಅದಕ್ಕೇ ದಿನವಿಡೀ ತೂಕಡಿಸ್ತಾಳಾ? ಮೇಡಂ, ಹಾವು, ನೋವು! ವುಗೆ ವು. ನೋವೇನೂ ಇರಲಿಲ್ಲ ಅವಳಿಗೆ! … ನಿಮ್ಮನ್ನ ಬೈತಿಲ್ಲ. ನಿಮಗೆ ಹೇಗೆ ಗೊತ್ತಾಗಬೇಕು? ಹೊರಗಿನವರಿಗೆ ಗೊತ್ತಾಗೋ ಆಟವೇ ಅಲ್ಲ ಅದು. …

ಒಂದು ಕೂಡಲಿಲ್ಲವಾ? ಯಾವುದು? … ಎಲೆ ತೋರಿಸಿದ್ರೆ, ಮಳೆ? …

ಇಲ್ಲ. ಎಲೆಗೆ ಮಳೆ ಕೂಡಲ್ಲ. ಎಲೇಲಿ ಲ, ಮಳೇಲಿ ಳ. ಕಿವಿಗೆ ಹತ್ತಿರ ಅನ್ನಿಸ್ತದೆ, ಅಷ್ಟೇ. ಅಕ್ಕ ಲ-ಳ ಕೂಡಿಸೋಳೇ ಅಲ್ಲ. ಶ, ಷ, ಸ ಮೂರಕ್ಕೆ ಹಳಬರೇ ಒಂದಿಷ್ಟು ವಿನಾಯಿತಿ ಕೊಟ್ಟಿದಾರೆ, ಅದನ್ನೂ ಅವಳು ತಗೊಂಡವಳಲ್ಲ. … ನೀವು ಸರಿಯಾಗಿ ಕೇಳಿಸ್ಕೊಂಡ್ರಾ? ಮಳೆ ಅಂತಾನೇ ಅಂದಳಾ? ಎರಡು ಸಲ ಅಂದಳಾ? …

ಹಾಗಾದ್ರೆ… ಹಾಗಾದ್ರೆ ನಾನು ಹೇಳಿದ್ದೆಲ್ಲ… …

ತಡೀರಿ ಮೇಡಂ. ಇಡಬೇಡಿ. ಅವತ್ತು ಕಿಟಕಿ ತೆರೆದಿತ್ತಾ? … ನೆನಪು ಮಾಡ್ಕೊಳ್ಳಿ. ಹೊರಗೆ ಏನಾಗ್ತಿತ್ತು? … ಹೊದಿಕೆ ಒದ್ದೆ ಆಗಿತ್ತು. … ಹಾಸಿಗೇಲೇ ಮಾಡ್ಕೊಂಡಿದಾರೆ ಅಂತ ಆಯಾ ಗೊಣಗಿದ್ರಾ? ಅಯ್ಯೋ ದೇವರೇ. ಅದು ಎರಚಲು, ಮೇಡಂ! ಮಳೆ ಒಳಗೆ ಬಡೀತಿದೆ, ಕಿಟಕಿ ಮುಚ್ಚಿ ಅಂತ ನಿಮಗೆ ಹೇಳ್ತಿದ್ಲು! …

ಅಲ್ವಾ? ಅಲ್ವಾ? ಪ್ರಾಸ ಕೂಡಿದಾಗ ಆಡ್ತಿರ್ತಾಳೆ. ಪ್ರಾಸ ತಪ್ಪಿದ್ರೆ ಮಾತಾಡ್ತಿದಾಳೆ. ನೀವು ಮಾತು ಅಂತ ತಗೋಬೇಕಾದ ಉತ್ತರ ಅದೊಂದೇ ಆಗಿತ್ತು. …

ಹಾಂ, ಪರೀಕ್ಷೆ ಮಾಡಿ, ಈಗಲೇ ಮಾಡಿ. ಎಚ್ಚರ ಇದಾಳಾ? … ಸ್ಪೀಕರ್‌ಗೆ ಹಾಕಿ ಅವಳ ಹತ್ತಿರ ಇಡಿ. ಎಡಗಿವಿ ಕಡೆ. … ಎಷ್ಟು ಚಾರ್ಜ್ ಇದೆ? … ಆಯ್ತು, ಆಯ್ತು.

ಅಕ್ಕಾ… ನಾನು ಕಣೇ. … ಉಸಿರು ಕೇಳಿಸ್ತಿದೆ. ಊಟ ಮಾಡಿದ್ಯಾ ಅಂತೆಲ್ಲ ಇವತ್ತು ಕೇಳಲ್ಲ. ಆಟ ಆಡೋಣ. ನಾನು ಪದ ಹೇಳ್ತೀನಿ. ಕೊಡೆ. …

ನಾನು ಕಾಯ್ತೀನಿ, ಮೇಡಂ, ನೀವೂ ಕಾಯಿರಿ. ಅವಳು ಯಾವಾಗಲೂ ಯೋಚನೆ ಮಾಡಿಯೇ ಹೇಳೋದು. …

ಗಿಡ! ಕೇಳಿದ್ರಾ? ಡೆಗೆ ಡ, ಎರಡೂ ಕಡೆ ಮೊದಲು ಹ್ರಸ್ವ. … ಅಕ್ಕಾ, ಈಗ ನಾನೇ ಜೋಡಿ ಹೇಳ್ತೀನಿ, ಸರಿ ಇದ್ರೆ ಹೂಂ ಅನ್ನು. ಗಾಳಿ, ಬೇಲಿ. …

‘ಊಹೂಂ’. ನೋಡಿದ್ರಾ! ಳಿಗೆ ಲಿ ಕೊಟ್ರೆ ತಳ್ಳಿಬಿಟ್ಟಳು. ಇದಕ್ಕೇನಂತೀಯೆ ಅಕ್ಕಾ, ಗಾಳಿ, ಗಿಳಿ? …

ಇದಕ್ಕೂ ಊಹೂಂ. … ಇಲ್ಲ ಮೇಡಂ, ಎರಡೂ ಳಿ ಆದ್ರೂ ಕೂಡಲ್ಲ. ಗಾ ದೀರ್ಘ, ಗಿ ಹ್ರಸ್ವ. ನೀವೂ ಸೋತಿರಿ, ಇವತ್ತು ಪಾತ್ರೆ ನಿಮ್ಮದೇ. … ಅಕ್ಕಾ, ಗಾಳಿ, ಕೋಳಿ? …

ಹೂಂ ಅಂದಳು! ನಕ್ಕಳಾ? ಮುಖ ನೋಡಿ ಹೇಳಿ ಮೇಡಂ, ನಕ್ಕಳಾ? … ಎಡಗಡೆ ಬಾಯಿ ಮಾತ್ರನಾ? ಸಾಕು. ಅರ್ಧ ನಗು ಸಾಕು ನನಗೆ.

ಹಾಗಾದ್ರೆ ಏನು ಬರೀತೀರಿ? … ಅರ್ಥ ಆಗತ್ತೆ ಅಂತ ಬರೀತೀರಾ? ತರಬೇತಿ ಮುಂದುವರಿಸಬೇಕು ಅಂತ? … ಇಂದೇ ಡಾಕ್ಟರಿಗೆ ಹೇಳ್ತೀರಾ? ಆ ಮಾತ್ರೇನೂ ನಿಲ್ಲಿಸೋಕೆ ಕೇಳ್ತೀರಾ? … ಮಾತು ಕೊಟ್ಟಿರಿ, ಹಾಂ. …

ಏನಂದಳು? ಈಗೇನೋ ಅಂದಳಲ್ಲ? … ಹಕ್ಕಿ ಹೆಸರಾ? ಕೋಳಿಗೆ ಗುಬ್ಬಿ? ಅದು ಕೂಡಲ್ವಲ್ಲ… …

ಕೂಡಲ್ಲ. ಕೂಡಬಾರದು. ಮೇಡಂ, ಮನೇಲಿ ನನ್ನ ಗುಬ್ಬಿ ಅಂತಾನೇ ಕರೆಯೋದು ಅವಳು. ನನ್ನ ಕರೀತಿದಾಳೆ. … ಅಕ್ಕಾ! ನಾನೇ, ಗುಬ್ಬಿ. ಹೇಳು. ಬೀಪ್ ಅಂತಿರೋದು ಫೋನು, ಹೆದರಬೇಡ. ಹೇಳು, ಏನೇ? …

‘ಒಬ್ಬಳೇ’? … ನನ್ನ ಕೇಳ್ತಿದೀಯಾ? … ನಾನಾ, ನೀನಾ? …

ಗುಬ್ಬಿ, ಒಬ್ಬಳೇ… ಅಯ್ಯೋ, ಕೂಡಿಸಿಬಿಟ್ಯಲ್ಲೇ ಅಕ್ಕಾ. ಬ್ಬಿಗೆ ಬ್ಬ. ಎರಡು ಸಾಲೂ ನೀನೇ ಹೇಳಿದೆ, ಮೂರನೇದು ನಂದು ತಾನೇ? ತಡಿ, ಹೇಳ್ತೀನಿ. ಇಬ್ಬರು. ಕೇಳಿಸ್ತಾ? ಇಬ್ಬರು ಕಣೇ, ಇಬ್ಬರು…

ಹಲೋ? … ಅಕ್ಕಾ? … ಸರಿ ಇದ್ರೆ ಹೂಂ ಅನ್ನು. … ಹಲೋ…