ಆಡಿದವರು ಕೂತು ಕೇಳಬೇಕು

ಸಭೆಯ ಅಧ್ಯಕ್ಷರೂ ಎಣ್ಣೆ ಗಿರಣಿಯ ಮಾಲೀಕರೂ ಆದ ಶ್ರೀ ಗುರುಸಂಗಪ್ಪನವರೇ, ಹಡಗಲಿಯಿಂದ ಬಸ್ಸು ಕೆಟ್ಟರೂ ಬಿಡದೆ ಬಂದಿರುವ ಮುಖ್ಯ ಅತಿಥಿಗಳೇ, ನಮ್ಮ ಹಗರಿಬೊಮ್ಮನಹಳ್ಳಿ ಸಂವಾದ ಸಂಘದ ಹಳೆಯ ಸದಸ್ಯರೇ, ಕಳೆದ ತಿಂಗಳು ಒಂದೇ ದಿನ ಒಟ್ಟಿಗೇ ಸದಸ್ಯರಾದ ಹೊಸ ಸದಸ್ಯರೇ, ಮತ್ತು ಹಿಂದೆ ಅಡುಗೆಮನೆಯಲ್ಲಿ ಮಿರ್ಚಿ ಕರಿಯುವ ವಾಸನೆ ಬಂದ ಮೇಲೂ ಕುರ್ಚಿ ಬಿಡದೆ ಕೂತಿರುವ ಸಭಿಕ ಬಂಧುಗಳೇ,

ಈಗಷ್ಟೇ ನನಗೆ ಶಾಲು ಹೊದಿಸಿದಿರಿ, ಹಾರ ಹಾಕಿದಿರಿ. ಅಭಿನಂದನ ಪತ್ರದಲ್ಲಿ ನನ್ನನ್ನು 'ಸಹನೆಯ ಸಾಕಾರಮೂರ್ತಿ' ಎಂದು ಬರೆಸಿದ್ದೀರಿ. ನನ್ನ ವಿದ್ಯಾರ್ಥಿಗಳು ಯಾರಾದರೂ ಇಲ್ಲಿದ್ದರೆ ದಯವಿಟ್ಟು ನಗಬೇಡಿ. ಪಂಪಮ್ಮ ಟೀಚರ ಸಹನೆ ಎಷ್ಟು ಎಂಬುದು ನಿಮ್ಮ ಕಿವಿಗಳಿಗೆ ಇನ್ನೂ ನೆನಪಿರಬಹುದು.

ನಾನು ಇವತ್ತು ಸಂಘದ ಅಧ್ಯಕ್ಷಗಿರಿ ಬಿಟ್ಟುಕೊಡುತ್ತಿದ್ದೇನೆ. ಬಿಡುವ ಮೊದಲು ಒಂದು ಕೆಲಸ ಉಳಿದಿದೆ. ನಮ್ಮ ಗೊಬ್ಬರದಂಗಡಿ ಹಂಪೇಶ್ ಅವರು ಒಂದು ಠರಾವು ಬರೆದುಕೊಂಡು ಬಂದಿದ್ದಾರೆ. ವಾರ್ಷಿಕೋತ್ಸವದಲ್ಲಿ ಸಂಘದ ಅಧ್ಯಕ್ಷರು ಠರಾವು ಓದುವುದು, ಸಭೆ ಚಪ್ಪಾಳೆ ತಟ್ಟುವುದು, ಅಲ್ಲಿಗೆ ಅದು ಪಾಸಾಗುವುದು ನಮ್ಮ ಪದ್ಧತಿ. ನಾವು ಚಪ್ಪಾಳೆಯಲ್ಲಿ ಎಂಥ ಉದಾರಿಗಳು ಎಂದರೆ, ಹಿಂದೊಮ್ಮೆ ನಾನು ಸಂತಾಪ ಸೂಚಕ ಠರಾವು ಓದಿದಾಗಲೂ ತಟ್ಟಿದಿರಿ. ತೀರಿಹೋದವರ ಮಗ ಮುಂದಿನ ಸಾಲಿನಲ್ಲೇ ಕೂತಿದ್ದ. ಅವನೂ ತಟ್ಟಿದ.

ಠರಾವು ಏನು? ಓದುತ್ತೇನೆ, ಕೈಗಳನ್ನು ಸ್ವಲ್ಪ ತೊಡೆಯ ಮೇಲೆ ಇಟ್ಟುಕೊಳ್ಳಿ. 'ಇನ್ನು ಮುಂದೆ ಸಂಘದ ವೇದಿಕೆಯಲ್ಲಿ ಮಾತಾಡುವ ಹಾಗೂ ಪದಾಧಿಕಾರಿಯಾಗುವ ಅವಕಾಶ ಈ ನೆಲದ ಧರ್ಮ ಸಂಸ್ಕೃತಿಗೆ ಸೇರಿದವರಿಗೆ ಮಾತ್ರ.' ಎಷ್ಟು ಸಭ್ಯವಾದ ಕನ್ನಡ! ಒಂದು ಹೆಸರೂ ಇಲ್ಲ. ಆದರೆ ನಮ್ಮ ಸಂಘದಲ್ಲಿ ಇದರಿಂದ ಬಾಯಿ ಮುಚ್ಚಬೇಕಾದ ಪದಾಧಿಕಾರಿ ಒಬ್ಬಳೇ. ನಮ್ಮ ಕಾರ್ಯದರ್ಶಿ ಮೆಹರೀನ. ಈ ಸಭೆಗೆ ಕುರ್ಚಿ ಹಾಕಿಸಿದವಳು, ನೀವು ಕೂತಿರುವ ಕುರ್ಚಿ. ಅಲ್ಲಿ ಬಾಗಿಲ ಹತ್ತಿರ ನಿಂತಿದ್ದಾಳೆ, ಅವಳಿಗೇ ಒಂದು ಕುರ್ಚಿ ಸಿಕ್ಕಿಲ್ಲ.

ನಿನ್ನೆ ನಾನು ಹಂಪೇಶರಿಗೆ ಇದನ್ನು ಪಾಸು ಮಾಡಿಸಲಾರೆ ಎಂದೆ. ಅವರು ಬಹಳ ವಿನಯದಿಂದ ಹೇಳಿದರು: "ಟೀಚರ, ಇಷ್ಟು ವರ್ಷ ಎಲ್ಲಾರ ಮಾತೂ ಸಹಿಸ್ಕೋಬೇಕು ಅಂತ ನಮಗ ಪಾಠ ಹೇಳೀರಿ. ಈಗ ನಮ್ಮ ಮಾತು ಸಹಿಸ್ಕೊಳ್ರಿ. ಇಲ್ಲಾಂದ್ರ ನಿಮ್ಮ ಸಹನಿ ಬರೇ ಬಾಯಿ ಮಾತು ಅಂದಂಗಾತು."

ಸಭಿಕರೇ, ಈ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಅಸಹನೆಯನ್ನೂ ಸಹಿಸಬೇಕೇ? ಸಹಿಸದಿದ್ದರೆ ನಾವೂ ಅವರೂ ಒಂದೇ ಆದೆವೇ? ಸಹಿಸಿದರೆ ನಾಳೆ ಸಹಿಸಲಿಕ್ಕೆ ನಾವೇ ಉಳಿಯುತ್ತೇವೆಯೇ? ಮನೆಗೆ ಹೋಗಿ ರೊಟ್ಟಿ ತಟ್ಟುತ್ತಾ ಯೋಚಿಸಿದೆ. ರೊಟ್ಟಿ ಸೀದವು.

ಹಾಗೆ ಯೋಚಿಸುವಾಗ ನೆನಪಾದವರು ಲಾರಿ ಗ್ಯಾರೇಜಿನ ದಾವಲ್ ಸಾಬ್. ಮೆಹರೀನಳ ತಂದೆ. ಮೂರನೇ ಸಾಲಿನಲ್ಲಿ ಕೂತಿದ್ದಾರೆ, ಅವರ ಎದುರಿಗೇ ಹೇಳುತ್ತೇನೆ. ನಾನು ಸಂಘಕ್ಕೆ ಸೇರಿದ ಹೊಸತರಲ್ಲಿ ಅವರು ಎದ್ದು ನಿಂತು, "ಹೆಣ್ಮಕ್ಳು ಹಿಂಗ ಗಂಡಸರ ಮುಂದ ನಿಂತು ಭಾಷಣ ಮಾಡೋದು ಛಲೋ ಅಲ್ರಿ. ಇವತ್ತ ಭಾಷಣ ಅಂತಾರ, ನಾಳೆ ಮನಿ ಯಾರು ನೋಡ್ತಾರ?" ಎಂದರು. ಇಡೀ ಸಭೆಯಲ್ಲಿ ಹೆಣ್ಣು ಎಂದರೆ ನಾನೊಬ್ಬಳೇ. ನನಗೆ ಮೈಯೆಲ್ಲ ಉರಿದುಹೋಯಿತು. ಹೊರಗೆ ಹಾಕಿ ಎಂದು ಕೂಗಬೇಕೆನಿಸಿತು.

ಆದರೆ ನಮ್ಮ ಸಂಘಕ್ಕೆ ಮೊದಲಿನಿಂದ ಇರುವ ನಿಯಮ ಒಂದೇ: ಯಾರು ಬೇಕಾದರೂ ಏನು ಬೇಕಾದರೂ ಹೇಳಬಹುದು, ಹೇಳಿದವರು ಮುಂದಿನ ಕುರ್ಚಿಯಲ್ಲಿ ಕೂತು ಉತ್ತರ ಪೂರ್ತಿ ಕೇಳಬೇಕು. ಉತ್ತರ ಕೇಳದೆ ಎದ್ದು ಹೋದರೆ ಹೇಳಿದ ಮಾತು ಲೆಕ್ಕಕ್ಕಿಲ್ಲ. ದಾವಲ್ ಸಾಬ್ ಕೂತರು. ಆದರೆ ಪರ ಹೆಂಗಸು ಮಾತಾಡುವಾಗ ಮುಖ ನೋಡಬಾರದಲ್ಲ? ಕುರ್ಚಿಯನ್ನು ಗೋಡೆಗೆ ತಿರುಗಿಸಿಕೊಂಡು ಕೂತರು! ನಿಯಮ ಕೂರಬೇಕು ಎಂದಿತ್ತು, ಯಾವ ಕಡೆ ಮುಖ ಎಂದಿರಲಿಲ್ಲ. ನಾನು ಅವರ ಬೆನ್ನಿಗೆ ಉತ್ತರ ಕೊಟ್ಟೆ. ಬೆನ್ನು ಅಲುಗಾಡದೆ ಕೇಳಿತು. ಮುಗಿದ ಮೇಲೆ, "ಒಪ್ಪಂಗಿಲ್ಲ ಟೀಚರ. ಆದ್ರ ಮುಂದಿನ ತಿಂಗಳು ಬರ್ತೀನಿ, ನಿಮಗ ಇನ್ನೂ ಹೇಳೋದು ಐತಿ" ಎಂದು ಹೋದರು.

ಬಂದರು. ಪ್ರತಿ ತಿಂಗಳೂ ಬಂದರು. ಅವರ ಅಭಿಪ್ರಾಯ ಇಂದಿಗೂ ಬದಲಾಗಿಲ್ಲ, ಹೌದಲ್ಲವೇ ಸಾಬರೇ? ನೋಡಿ, ತಲೆಯಾಡಿಸುತ್ತಿದ್ದಾರೆ. ಅವರ ಮಾತು ನನಗೆ ಇಂದಿಗೂ ಹಿಡಿಸುವುದಿಲ್ಲ. ಆದರೆ ನನ್ನ ಬಾಯಿ ಮುಚ್ಚಿಸಲು ಅವರು ಠರಾವು ತರಲಿಲ್ಲ. ಮಗಳು ಸಂಘಕ್ಕೆ ಸೇರುತ್ತೇನೆ ಎಂದಾಗ ಮನೆಯಲ್ಲಿ ಜಗಳ ಮಾಡಿದರು, ಸೋತರು, ಸೋತ ಮೇಲೆ ತಾವೇ ಸ್ಕೂಟರಿನಲ್ಲಿ ಕರೆತಂದು ಬಿಟ್ಟರು. ಇಂಥ ಅಸಹನೆಯನ್ನು ನಾನು ಜೀವಮಾನವಿಡೀ ಹೊಟ್ಟೆಗೆ ಹಾಕಿಕೊಳ್ಳಬಲ್ಲೆ. ಅದರ ಜೊತೆ ಜಗಳವಾಡಬಹುದು.

ಈಗ ಹಂಪೇಶರ ವಿಷಯ. ಇವರೂ ನಮ್ಮಲ್ಲಿ ಮಾತಾಡಿದ್ದಾರೆ. ಮುಸ್ಲಿಮರ ಅಂಗಡಿಗಳಲ್ಲಿ ವ್ಯಾಪಾರ ಮಾಡಬಾರದು ಎಂದು ಈ ವೇದಿಕೆಯಿಂದಲೇ ಹೇಳಿದರು. ನಾನೇ ಮೈಕು ಕೊಟ್ಟೆ. ಸ್ನೇಹಿತರು ಬೈದರು, "ಇವನ್ನ ಮೊದ್ಲ ಹೊರಗ ಹಾಕ್ರಿ ಟೀಚರ" ಎಂದರು. ನಾನು ಹಾಕಲಿಲ್ಲ. ಕೇಳಲು ಕಹಿಯಾದ ಮಾತಿಗೆಲ್ಲ ಬಾಗಿಲು ತೋರಿಸಿದರೆ ಕೊನೆಗೆ ಸಭೆಯಲ್ಲಿ ನಾನು ಮತ್ತು ಈ ಹೂವಿನ ಹಾರ ಇಬ್ಬರೇ ಉಳಿಯುತ್ತೇವೆ. ಅಲ್ಲದೆ ಆ ಮಾತಿಗೆ ಉತ್ತರ ನಮ್ಮ ಹತ್ತಿರ ಇತ್ತು. ಇಲ್ಲದೇ ಇದ್ದದ್ದು ಹಂಪೇಶರಿಗೆ ಪುರುಸೊತ್ತು. ಪ್ರತಿ ಸಲ ತಮ್ಮ ಮಾತು ಮುಗಿದ ಕೂಡಲೇ ಅಂಗಡಿಗೆ ಗೊಬ್ಬರದ ಲಾರಿ ಬರುತ್ತಿತ್ತು. ಆಷಾಢದಲ್ಲಿ ಬಂತು, ಸರಿ. ಬೇಸಿಗೆಯಲ್ಲೂ ಬಂತು.

ಆಮೇಲೆ ಅದೇ ಮಾತನ್ನು ಅವರು ಸಂತೆಯ ದಿನ ಫಿರೋಜನ ಸೈಕಲ್ ಅಂಗಡಿಯ ಮುಂದೆ ಹೇಳಿದರು. ಜೊತೆಗೆ ಒಂದು ಗುಂಪಿತ್ತು, ಕೆಲವರ ಕೈಯಲ್ಲಿ ಬಡಿಗೆಯಿತ್ತು. ಒಳಗೆ ಫಿರೋಜನ ಹೆಂಡತಿ ಬಾನು ಬೀ ಎರಡು ಮಕ್ಕಳನ್ನು ಹಿಡಿದುಕೊಂಡು ಶಟರ್ ಎಳೆದು ಕೂತಿದ್ದಳು. ನಾನು ಠಾಣೆಗೆ ಹೋಗಿ ದೂರು ಕೊಟ್ಟೆ. ಹಂಪೇಶರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ಸಂಘದಾಗ ಇದ ಮಾತು ಅಂದಾಗ ಚಾ ಕೊಟ್ರಿ, ಇಲ್ಲಿ ಅಂದ್ರ ಪೊಲೀಸಾ?" ಎಂದು ಕೇಳಿದರು.

ಹೌದಪ್ಪಾ. ಅಲ್ಲಿ ಅದು ಅಭಿಪ್ರಾಯ. ಎದುರಿಗೆ ಕೂತವನು ಎದ್ದು ನಿಂತು ಇಲ್ಲ ಎನ್ನಬಹುದು. ಬಡಿಗೆ ಹಿಡಿದವರ ಮಧ್ಯೆ, ಮುಚ್ಚಿದ ಶಟರಿನ ಮುಂದೆ, ಅದೇ ಮಾತು ಅಭಿಪ್ರಾಯವಲ್ಲ. ಬಾನು ಬೀ ಶಟರಿನ ಸಂದಿನಿಂದ ಪ್ರತಿವಾದ ಮಂಡಿಸಬೇಕಿತ್ತೇ? ಒಲೆಯಲ್ಲಿದ್ದರೆ ಬೆಂಕಿ ಅಡುಗೆಗೆ. ಬಣವೆಗೆ ತಂದರೆ ಯಾರೂ ಅಡುಗೆ ಎನ್ನುವುದಿಲ್ಲ.

ಈಗ ಹೊಸ ಉಪಾಯ ಬಂದಿದೆ, ಬಡಿಗೆಯಿಲ್ಲದ್ದು. ಕಳೆದ ತಿಂಗಳು ಹಂಪೇಶರು ಒಂದೇ ದಿನ ಹೊಸ ಸದಸ್ಯರನ್ನು ಸೇರಿಸಿದ್ದಾರೆ, ಬಹುಮತ ಮಾಡಿಕೊಂಡಿದ್ದಾರೆ, ಎಲ್ಲ ಕಾನೂನುಬದ್ಧ. ಬಹುಮತಕ್ಕೆ ನಾನು ತಲೆಬಾಗುತ್ತೇನೆ. ಮುಂದಿನ ತಿಂಗಳು ಯಾವ ವಿಷಯ, ಚಹಾಕ್ಕೆ ಸಕ್ಕರೆ ಎಷ್ಟು, ಅಧ್ಯಕ್ಷರು ಯಾರು, ಎಲ್ಲವನ್ನೂ ಬಹುಮತ ಹೇಳಲಿ. ಆದರೆ ಇವತ್ತು ಸೋತವರು ನಾಳೆ ಮತ್ತೆ ಎದ್ದು ಮಾತಾಡಬಹುದು, ನಿಮ್ಮ ಮನಸ್ಸು ಬದಲಿಸಬಹುದು ಎಂಬ ಕಾರಣಕ್ಕಲ್ಲವೇ ಅವರು ಸೋಲನ್ನು ಒಪ್ಪುವುದು? ಸೋತವರ ನಾಲಿಗೆಯನ್ನೇ ಕಿತ್ತುಕೊಂಡ ಮೇಲೆ ಅದು ಬಹುಮತವಾಗಿ ಉಳಿಯುತ್ತದೆಯೇ? ಇವತ್ತು ಮೆಹರೀನ. ನಾಳೆ ಇನ್ನೊಂದು ಸಭ್ಯವಾದ ವಾಕ್ಯ ಬರುತ್ತದೆ, ಅದರಲ್ಲಿ ಹೆಂಗಸರು. ನಾಡಿದ್ದು ಆ ಜಾತಿ, ಈ ಜಾತಿ. ಗುರುಸಂಗಪ್ಪನವರೇ, ಗಿರಣಿಯವರಿಗೂ ಒಂದು ವಾಕ್ಯ ಸಿಗದೇ ಇರುವುದಿಲ್ಲ, ಸ್ವಲ್ಪ ಎಚ್ಚರವಾಗಿರಿ. ಈಗ ಬಂದಿರುವ ನಿದ್ದೆಯಿಂದಲೂ ಎಚ್ಚರವಾಗಿ.

ಒಂದು ಸ್ವಂತ ಮಾತು ಹೇಳಬಾರದು ಎಂದುಕೊಂಡು ಬಂದಿದ್ದೆ. ಠರಾವಿನ ಕೆಳಗೆ ಸಹಿ ಮಾಡಿದವರಲ್ಲಿ ನನ್ನ ಅಣ್ಣನ ಮಗ ಅರುಣಕುಮಾರ್ ಇದ್ದಾನೆ. ಅಣ್ಣ ತೀರಿಕೊಂಡ ಮೇಲೆ ನಾನೇ ಸಾಕಿದ ಹುಡುಗ. ಇದೇ ವೇದಿಕೆಯಲ್ಲಿ ಚರ್ಚಾಸ್ಪರ್ಧೆಗೆ ಅವನೂ ಮೆಹರೀನಳೂ ಜೋಡಿಯಾಗಿ ನಿಂತು ಕೂಡ್ಲಿಗಿ, ಕೊಟ್ಟೂರು ತಂಡಗಳನ್ನು ಸೋಲಿಸಿದ್ದರು. ಅವನಿಗೆ ಮಾತು ಮರೆತಾಗ ಪಕ್ಕದಲ್ಲಿ ನಿಂತು ಪಿಸುಗುಟ್ಟಿದವಳು ಅವಳು. ಯಾಕೋ ಸಹಿ ಮಾಡಿದಿ ಎಂದು ಕೇಳಿದೆ. "ಅತ್ತಿ, ಹಂಪೇಶಣ್ಣ ಕೇಳ್ಯಾನ, ಹೆಂಗ ಇಲ್ಲ ಅನ್ನೋದು? ಬರೇ ಸಹಿ ಐತಿ. ಅಕಿ ಮ್ಯಾಲೆ ನನಗೇನೂ ಸಿಟ್ಟಿಲ್ಲ" ಎಂದ. ಸಿಟ್ಟಿದ್ದರೆ ಚೆನ್ನಾಗಿತ್ತು. ಸಿಟ್ಟಿಗೆ ನಾನು ಉತ್ತರ ಕೊಡಬಲ್ಲೆ. ಹಂಪೇಶರ ಬಡಿಗೆಗಿಂತ ಈ 'ಬರೇ ಸಹಿ' ನನಗೆ ನೋವು ಕೊಟ್ಟಿತು. ನಿನ್ನೆ ಸೀದ ರೊಟ್ಟಿಯನ್ನು ಇಬ್ಬರೂ ಹಂಚಿಕೊಂಡು ತಿಂದೆವು.

ಇರಲಿ. ಹಂಪೇಶರೇ, ನಿನ್ನೆಯ ನಿಮ್ಮ ಮಾತಿಗೆ ನನ್ನ ಉತ್ತರ ಇದು. ನಿಮ್ಮ ಸದಸ್ಯತ್ವಕ್ಕೆ ಯಾರೂ ಕೈ ಹಚ್ಚುವುದಿಲ್ಲ. ಮೆಹರೀನ ಮಾತಾಡಬಾರದು ಎಂದು ನೀವು ಪ್ರತಿ ತಿಂಗಳು ಬಂದು ಹೇಳಿ, ನಾನು ಹಿಂದಿನ ಸಾಲಿನಲ್ಲಿ ಕೂತು ಹಲ್ಲು ಕಚ್ಚಿಕೊಂಡು ಕೇಳುತ್ತೇನೆ. ಹೇಳುವುದನ್ನು ಸಹಿಸುತ್ತೇನೆ. ಅವಳ ಬಾಯಿ ಮುಚ್ಚಿಸುವುದನ್ನು ಸಹಿಸುವುದಿಲ್ಲ. ಈ ಸಭೆ ಮುಗಿಯುವವರೆಗೆ ಸಂಘದ ಅಧ್ಯಕ್ಷೆ ನಾನೇ. ಈ ಠರಾವನ್ನು ನಾನು ಮತಕ್ಕೆ ಹಾಕುವುದಿಲ್ಲ, ಚಪ್ಪಾಳೆಗೂ ಹಾಕುವುದಿಲ್ಲ. ನಾಳೆ ನನ್ನ ಜಾಗಕ್ಕೆ ಬರುವವರು ಹಾಕಬಹುದು. ಆಗ ಚಪ್ಪಾಳೆ ಬೇಡ, ಕೈ ಎತ್ತಿಸಿ. ಚಪ್ಪಾಳೆಯಲ್ಲಿ ಯಾರ ಕೈ ಯಾವುದು ಎಂದು ತಿಳಿಯುವುದಿಲ್ಲ.

ಇವತ್ತು ಮಾತ್ರ ನಮ್ಮ ನಿಯಮದಂತೆ ನಡೆಯುತ್ತದೆ. ಠರಾವು ಓದಿದ್ದಾಯಿತು, ಉತ್ತರ ಆಗಬೇಕು. ಉತ್ತರ ಕೊಡುವವಳು ಮೆಹರೀನ. ಏನು ಹೇಳುತ್ತಾಳೋ ನನಗೆ ಗೊತ್ತಿಲ್ಲ. ನನ್ನನ್ನೂ ಬೈಯಬಹುದು, ಅವಳಿಗೆ ಕಾರಣಗಳಿವೆ, ಹಂಪೇಶರಿಗೆ ಮೈಕು ಕೊಟ್ಟವಳು ನಾನೇ. ಹಂಪೇಶರೇ, ಮುಂದಿನ ಕುರ್ಚಿ ನಿಮ್ಮದು. ಲಾರಿ ಬಂದಿದ್ದರೆ ಹೋಗಿ, ಬಾಗಿಲು ತೆಗೆದೇ ಇದೆ. ಠರಾವನ್ನೂ ಜೊತೆಗೆ ಒಯ್ಯಿರಿ.

ನನ್ನನ್ನು ಇಷ್ಟು ವರ್ಷ ತಡೆದುಕೊಂಡ ಎಲ್ಲರಿಗೂ, ಶಾಲು ಕೊಟ್ಟವರಿಗೂ, ಅಡುಗೆಯವರಿಗೂ, ಮೈಕಿನವರಿಗೂ ಕೃತಜ್ಞತೆಗಳು. ಬಾರವ್ವಾ ಮೆಹರೀನ, ಮೈಕು ತಗೋ.

ಅರುಣಾ, ಎಲ್ಲಿಗೆ ಎದ್ದೆ? ಸಹಿ ಮಾಡಿದವನೂ ಮಾತಾಡಿದವನೇ. ಹಂಪೇಶರ ಪಕ್ಕ ಇನ್ನೊಂದು ಕುರ್ಚಿ ಹಾಕುತ್ತಾರೆ. ಕೂತುಕೋ ಮಗನೇ. ಅವಳ ಮುಖ ನೋಡಿ ಕೇಳು.

ನಮಸ್ಕಾರ.